ಇಂಟರ್‌ವಲ್‌ನ ಪ್ರತಿ xಗೂ ಅಸಮತೆ ನಿಲ್ಲಬೇಕಾದರೆ a ಎಷ್ಟಿರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಗಣಿತ ಕಲಿತು, ಪ್ಲಸ್ ವನ್‌ಗೆ ಬಂದ ಕೂಡಲೇ ಇಂಗ್ಲಿಷ್ ಪುಸ್ತಕ ಹಿಡಿಯುವ ಮಕ್ಕಳು ತುಂಬಾ ಜನ ಇದ್ದಾರೆ. ಪ್ಲಸ್ ಟುವಿನಲ್ಲಿ ಡೆರಿವೇಟಿವ್‌ನ ಉಪಯೋಗಗಳ ಪಾಠ ಬಂದಾಗ ಅವರು ಹೆಚ್ಚು ಕೇಳುವುದು ಈ ಒಂದು ಜಾತಿಯ ಲೆಕ್ಕದ ಬಗ್ಗೆ. ಅದಕ್ಕೆ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಹತ್ತಾರು ಲೆಕ್ಕ ಕೊಡುವ ಬದಲು ಮುಖ್ಯವಾಗಿ ಒಂದೇ ಲೆಕ್ಕವನ್ನು ಎಲ್ಲ ಕಡೆಯಿಂದ ನೋಡಿದ್ದೇನೆ. ಪೆನ್ನು, ಪೇಪರ್ ಇಟ್ಟುಕೊಂಡು ಓದಿ.

ಈ ತರದ ಲೆಕ್ಕದಲ್ಲಿ ಕೇಳುವುದು ಏನು?

ನಾವು ಹಿಡಿಯುವ ಲೆಕ್ಕ ಇದು:

x² − 2ax + a + 2 ≥ 0 ಎಂಬ ಅಸಮತೆ [0, 3] ಇಂಟರ್‌ವಲ್‌ನ ಪ್ರತಿ xಗೂ ಸರಿಯಾಗಬೇಕು. aಯ ಬೆಲೆಗಳನ್ನು ಕಂಡುಹಿಡಿಯಿರಿ.

ಇಲ್ಲಿ ಎರಡು ಅಕ್ಷರಗಳಿವೆ, ಎರಡರ ಕೆಲಸವೂ ಬೇರೆ. a ಎಂಬುದು ಪ್ಯಾರಾಮೀಟರ್. ಅದನ್ನು ಮೊದಲೇ ಆರಿಸಿ ಇಡಬೇಕು, ಆಮೇಲೆ ಬದಲಾಯಿಸುವ ಹಾಗಿಲ್ಲ. x ಮಾತ್ರ 0ಯಿಂದ 3ರವರೆಗೆ ಬೇಕಾದಲ್ಲಿ ಓಡಾಡುತ್ತದೆ. ನಾವು ಇಟ್ಟ a ಅಷ್ಟೂ xಗಳಿಗೆ ತಾಳಿಕೊಳ್ಳಬೇಕು. ಒಂದೇ ಒಂದು x ಕೈಕೊಟ್ಟರೂ ಆ a ಉತ್ತರದಲ್ಲಿ ಇರುವುದಿಲ್ಲ.

ಆದ್ದರಿಂದ ಉತ್ತರದಲ್ಲಿ x ಇರಬಾರದು. "a ≤ (x² + 2)/(2x − 1)" ಎಂದು ಬರೆದು ಕೊನೆಗೆರೆ ಎಳೆದರೆ ಲೆಕ್ಕ ಇನ್ನೂ ಅರ್ಧದಲ್ಲಿದೆ ಎಂದೇ ಅರ್ಥ.

0ಯಿಂದ 3ರ ಮಧ್ಯೆ ಲೆಕ್ಕವಿಲ್ಲದಷ್ಟು x ಇವೆ. ಎಲ್ಲವನ್ನೂ ಪರೀಕ್ಷಿಸುವುದು ಹೇಗೆ ಸರ್?

ಎಲ್ಲವನ್ನೂ ಪರೀಕ್ಷಿಸುವುದು ಬೇಡ. ಅತಿ ಕೆಟ್ಟ ಒಂದನ್ನು ಪರೀಕ್ಷಿಸಿದರೆ ಸಾಕು. ನಮ್ಮಲ್ಲಿ ತೋಡಿಗೆ ಅಡ್ಡಲಾಗಿ ಅಡಿಕೆ ಮರದ ಸಂಕ ಹಾಕುತ್ತೇವೆ ಅಲ್ವಾ? ಮಳೆಗಾಲ ಪೂರ್ತಿ ಸಂಕದ ಮೇಲೆ ನೀರು ಹರಿಯಬಾರದು ಎಂದಿದ್ದರೆ, ತೋಡು ಅತಿ ಹೆಚ್ಚು ತುಂಬುವ ಹೊತ್ತಿನ ನೀರಿನ ಮಟ್ಟ ಒಂದನ್ನು ನೋಡುತ್ತೇವೆ. ಆ ಹೊತ್ತನ್ನು ಸಂಕ ದಾಟಿದರೆ ಉಳಿದ ದಿನಗಳ ಬಗ್ಗೆ ಯೋಚನೆ ಇಲ್ಲ.

ಇಲ್ಲಿಯೂ ಹಾಗೆಯೇ. f(x) ≥ 0 ಎಂಬುದು ಪ್ರತಿ xಗೂ ಸರಿಯಾಗಬೇಕಾದರೆ, ಆ ಇಂಟರ್‌ವಲ್‌ನಲ್ಲಿ fನ ಕನಿಷ್ಠ ಬೆಲೆ ≥ 0 ಆಗಬೇಕು. ಕನಿಷ್ಠವೇ ಸೊನ್ನೆಗಿಂತ ಕೆಳಗೆ ಹೋಗಿಲ್ಲ ಎಂದಾದರೆ ಬೇರೆ ಯಾವುದೂ ಹೋಗಲಾರದು. f(x) ≤ 0 ಎಂದು ಕೇಳಿದ್ದರೆ ಗರಿಷ್ಠ ಬೆಲೆಯನ್ನು ನೋಡಬೇಕು.

[0, 3] ಎರಡೂ ತುದಿ ಸೇರಿದ ಇಂಟರ್‌ವಲ್. ಅದರ ಮೇಲೆ ಎಲ್ಲೂ ಕಡಿಯದ ಫಂಕ್ಷನ್‌ಗೆ ಕನಿಷ್ಠ, ಗರಿಷ್ಠ ಎರಡೂ ಇದ್ದೇ ಇರುತ್ತವೆ. ಅವು ಡೆರಿವೇಟಿವ್ ಸೊನ್ನೆಯಾಗುವ ಜಾಗದಲ್ಲಿ, ಡೆರಿವೇಟಿವ್ ಇಲ್ಲದ ಜಾಗದಲ್ಲಿ ಅಥವಾ ತುದಿಗಳಲ್ಲಿ ಸಿಗುತ್ತವೆ. ಬೇರೆಲ್ಲೂ ಹುಡುಕುವುದು ಬೇಡ.

ಇದು ವರ್ಗ ಸಮೀಕರಣದ ತರ ಇದೆ. ಡಿಸ್ಕ್ರಿಮಿನೆಂಟ್ D ≤ 0 ಎಂದು ಹಾಕಿದರೆ ಸಾಕಲ್ವಾ?

ಸಾಲದು. ಅತಿ ಹೆಚ್ಚು ಮಕ್ಕಳು ಜಾರುವ ಜಾಗ ಇದೇ. ಹಾಗೆ ಮಾಡಿದರೆ ಏನು ಬರುತ್ತದೆ ನೋಡಿ:

D = 4a² − 4(a + 2) ≤ 0
a² − a − 2 ≤ 0
(a − 2)(a + 1) ≤ 0
−1 ≤ a ≤ 2

ಈಗ a = −1.5 ಎಂದು ಇಟ್ಟು ನೋಡಿ. ಫಂಕ್ಷನ್ x² + 3x + 0.5 ಆಗುತ್ತದೆ. x ಸೊನ್ನೆಯಿಂದ ಮೇಲೆ ಇರುವಾಗ ಇದರ ಮೂರು ಪದಗಳಲ್ಲಿ ಯಾವುದೂ ನೆಗೆಟಿವ್ ಆಗುವುದಿಲ್ಲ. [0, 3]ರಲ್ಲಿ ಅಸಮತೆ ಚೆನ್ನಾಗಿ ನಿಲ್ಲುತ್ತದೆ. ಆದರೆ −1.5 ಮೇಲಿನ ಉತ್ತರದಲ್ಲಿ ಇಲ್ಲ.

D ≤ 0 ಎಂಬ ಷರತ್ತು, ಸಂಖ್ಯಾರೇಖೆಯ ಎಲ್ಲ xಗಳಿಗೂ ಅಸಮತೆ ನಿಲ್ಲಬೇಕು ಎಂದು ಕೇಳುತ್ತದೆ. x² + 3x + 0.5 ಎಂಬುದು x = −1ರಲ್ಲಿ −1.5 ಆಗುತ್ತದೆ, ನಿಜ. ಆದರೆ −1 ನಮ್ಮ ಇಂಟರ್‌ವಲ್‌ನಲ್ಲಿ ಇಲ್ಲ. ಅಲ್ಲಿ ಏನಾದರೂ ಆಗಲಿ, ನಮಗೆ ಸಂಬಂಧ ಇಲ್ಲ. ಹೀಗೆ D ≤ 0 ಹಾಕಿದರೆ ಬೇಕಾದ್ದಕ್ಕಿಂತ ಬಿಗಿಯಾದ ಷರತ್ತು ಬರುತ್ತದೆ, ಒಳ್ಳೆಯ ಬೆಲೆಗಳು ಕೈತಪ್ಪುತ್ತವೆ.

ಹಾಗಾದರೆ ಎರಡು ತುದಿಗಳಲ್ಲಿ ನೋಡಿದರೆ ಆಗುವುದಿಲ್ಲವೇ?

ಅದು ಇನ್ನೊಂದು ಕಡೆಗೆ ಜಾರುವುದು. f(0) = a + 2 ≥ 0 ಎಂದರೆ a ≥ −2. f(3) = 9 − 6a + a + 2 = 11 − 5a ≥ 0 ಎಂದರೆ a ≤ 2.2. ಎರಡನ್ನೂ ಸೇರಿಸಿ −2 ≤ a ≤ 2.2 ಎಂದು ಬರೆಯುತ್ತಾರೆ.

a = 2.1 ಇಟ್ಟು ನೋಡಿ. x² − 4.2x + 4.1. ಇದು x = 0ಯಲ್ಲಿ 4.1, x = 3ರಲ್ಲಿ 0.5. ಎರಡು ತುದಿಯೂ ಸರಿ. ಆದರೆ x = 2.1ರಲ್ಲಿ 4.41 − 8.82 + 4.1 = −0.31. ಮಧ್ಯದಲ್ಲಿ ಸೊನ್ನೆಯ ಕೆಳಗೆ ಇಳಿದುಬಿಟ್ಟಿದೆ.

x²ನ ಗುಣಕ ಪಾಸಿಟಿವ್ ಆದ ಪ್ಯಾರಬೋಲಾ ಮೇಲಕ್ಕೆ ಬಾಯಿ ತೆರೆದಿರುತ್ತದೆ. ಅದರ ತಳ ಇಂಟರ್‌ವಲ್‌ನ ಒಳಗೇ ಇರಬಹುದು. ಆಗ ತುದಿಗಳನ್ನು ನೋಡಿ ತಳದ ಬಗ್ಗೆ ಏನೂ ಹೇಳಲಾಗದು. ಅದೇ ಕೆಳಕ್ಕೆ ಬಾಯಿ ತೆರೆದ ಪ್ಯಾರಬೋಲಾ ಅಥವಾ ಸರಳರೇಖೆಯಾಗಿದ್ದರೆ ಕನಿಷ್ಠ ಬೆಲೆ ಸಿಗುವುದೇ ತುದಿಯಲ್ಲಿ. ಅಲ್ಲಿ f ≥ 0 ಎಂದು ಕೇಳಿದರೆ ಎರಡು ತುದಿ ನೋಡಿದರೆ ಖಂಡಿತ ಸಾಕು. ಹೀಗೆ ತುದಿ ಸಾಕೋ ಸಾಲದೋ ಎಂಬುದು ವಕ್ರರೇಖೆ ಯಾವ ಕಡೆ ಬಾಗಿದೆ ಎಂಬುದರ ಮೇಲೆ ನಿಂತಿದೆ.

ಸರಿ, ಈ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿ.

f(x) = x² − 2ax + a + 2. ಡೆರಿವೇಟಿವ್ f′(x) = 2x − 2a. ಇದು x = aಯಲ್ಲಿ ಸೊನ್ನೆ. ಅಂದರೆ ಪ್ಯಾರಬೋಲಾದ ತಳ x = aಯಲ್ಲಿದೆ. a ಬದಲಾದ ಹಾಗೆ ತಳವೂ ಎಡಕ್ಕೆ ಬಲಕ್ಕೆ ಸರಿಯುತ್ತದೆ. ಅದು ಇಂಟರ್‌ವಲ್‌ನ ಎಡಗಡೆ ಇದೆಯೋ, ಒಳಗಿದೆಯೋ, ಬಲಗಡೆ ಇದೆಯೋ ಎಂದು ಮೂರು ಸಂದರ್ಭ ಮಾಡಿಕೊಳ್ಳಬೇಕು.

ಮೊದಲನೆಯದು, a < 0. ತಳ ಇಂಟರ್‌ವಲ್‌ನ ಎಡಗಡೆ ಇದೆ. [0, 3]ರಲ್ಲಿ f ಏರುತ್ತಲೇ ಹೋಗುತ್ತದೆ. ಕನಿಷ್ಠ ಬೆಲೆ ಎಡ ತುದಿಯಲ್ಲಿ: f(0) = a + 2 ≥ 0, ಅಂದರೆ a ≥ −2. ಈ ಸಂದರ್ಭದಲ್ಲಿ ಸಿಕ್ಕಿದ್ದು −2 ≤ a < 0.

ಎರಡನೆಯದು, 0 ≤ a ≤ 3. ತಳ ಒಳಗೇ ಇದೆ. ಕನಿಷ್ಠ ಬೆಲೆ f(a) = a² − 2a² + a + 2 = −a² + a + 2. ಇದು ≥ 0 ಆಗಬೇಕು, ಅಂದರೆ (a − 2)(a + 1) ≤ 0, ಅಂದರೆ −1 ≤ a ≤ 2. ಆದರೆ ನಾವು ಈಗ 0 ≤ a ≤ 3ರ ಒಳಗೆ ಮಾತ್ರ ಇದ್ದೇವೆ. ಆದ್ದರಿಂದ ಇಲ್ಲಿ ಸಿಕ್ಕಿದ್ದು 0 ≤ a ≤ 2.

ಮೂರನೆಯದು, a > 3. ತಳ ಬಲಗಡೆ ಹೊರಗಿದೆ. f ಇಳಿಯುತ್ತಲೇ ಬರುತ್ತದೆ, ಕನಿಷ್ಠ ಬೆಲೆ f(3) = 11 − 5a. ಇದು ≥ 0 ಆಗಲು a ≤ 2.2 ಬೇಕು. a > 3 ಇರುವಾಗ ಅದು ಆಗದು. ಇಲ್ಲಿ ಏನೂ ಸಿಗಲಿಲ್ಲ.

ಸಿಕ್ಕಿದ್ದನ್ನು ಒಟ್ಟು ಮಾಡಿದರೆ −2 ≤ a ≤ 2.

ಈಗ ಮೊದಲಿನ ಎರಡು ತಪ್ಪು ಉತ್ತರಗಳನ್ನು ಪಕ್ಕದಲ್ಲಿಟ್ಟು ನೋಡಿ. [−1, 2] ತೀರಾ ಚಿಕ್ಕದಾಯಿತು, [−2, 2.2] ತೀರಾ ದೊಡ್ಡದಾಯಿತು. D ಲೆಕ್ಕ ಬಲಗಡೆಯಲ್ಲಿ ಸರಿ ಬಂತು, ಏಕೆಂದರೆ a = 2 ಆದಾಗ ತಳ ಇಂಟರ್‌ವಲ್‌ನ ಒಳಗಿದೆ. ತುದಿ ಲೆಕ್ಕ ಎಡಗಡೆಯಲ್ಲಿ ಸರಿ ಬಂತು, ಏಕೆಂದರೆ a = −2 ಆದಾಗ ಕನಿಷ್ಠ ಬೆಲೆ ತುದಿಯಲ್ಲೇ ಇದೆ. ಎರಡು ತಪ್ಪು ದಾರಿಗಳಿಗೂ ಅರ್ಧರ್ಧ ಸರಿ ಉತ್ತರ ಬರುತ್ತದೆ. ಆ ಕಾರಣಕ್ಕೇ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ.

ಮೂರು ಸಂದರ್ಭಗಳ ಉತ್ತರಗಳನ್ನು ಕೂಡಿಸಿದಿರಿ. ಕೆಲವು ಲೆಕ್ಕಗಳಲ್ಲಿ ಎಲ್ಲದರಲ್ಲೂ ಇರುವ ಭಾಗವನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಯಾವಾಗ ಯಾವುದು?

ಯಾವುದನ್ನು ತುಂಡು ಮಾಡಿದ್ದೀರಿ ಎಂದು ನೋಡಿ. ಮೇಲೆ ನಾವು ತುಂಡು ಮಾಡಿದ್ದು aಯನ್ನು. ಒಂದು a ಮೂರು ಸಂದರ್ಭಗಳಲ್ಲಿ ಒಂದರಲ್ಲಿ ಮಾತ್ರ ಇರಲು ಸಾಧ್ಯ. ಆದ್ದರಿಂದ ಯಾವ ಸಂದರ್ಭದಲ್ಲಿ ಪಾಸಾದರೂ ಅದನ್ನು ಸೇರಿಸಿಕೊಳ್ಳಬೇಕು. ಅಲ್ಲಿ ಕೂಡಿಸುವುದು.

xನ ಇಂಟರ್‌ವಲ್ ಅನ್ನು ತುಂಡು ಮಾಡಿದ್ದರೆ ಕಥೆ ಬೇರೆ. ಒಂದೇ a ಎಲ್ಲ ತುಂಡುಗಳಲ್ಲೂ ಪಾಸಾಗಬೇಕು. ಅಲ್ಲಿ ಎಲ್ಲದರಲ್ಲೂ ಇರುವ ಭಾಗ ಮಾತ್ರ ಉಳಿಯುತ್ತದೆ. ಅದಕ್ಕೆ ಉದಾಹರಣೆ ಮುಂದಿನ ಉತ್ತರದಲ್ಲೇ ಇದೆ.

aಯನ್ನು ಒಂದು ಕಡೆಗೆ ತಂದು ಮಾಡುವ ದಾರಿ ಇದೆಯಂತೆ. ಅದು ಸುಲಭವೇ?

ಇದೆ, ತುಂಬಾ ಸಲ ಅದೇ ಸುಲಭ. ಅದೇ ಲೆಕ್ಕವನ್ನು ಹಾಗೆ ಮಾಡೋಣ. a ಇರುವ ಪದಗಳನ್ನು ಬಲಗಡೆಗೆ ಕಳಿಸಿದರೆ:

x² + 2 ≥ a(2x − 1)

ಈಗ 2x − 1ರಿಂದ ಭಾಗಿಸಬೇಕು. ಸುಮ್ನೆ ಭಾಗಿಸಿದರೆ ಕೆಟ್ಟಿತು. [0, 3]ರಲ್ಲಿ 2x − 1 ಎಂಬುದು ಒಂದು ಕಡೆ ನೆಗೆಟಿವ್, x = ½ರಲ್ಲಿ ಸೊನ್ನೆ, ಆಮೇಲೆ ಪಾಸಿಟಿವ್. ನೆಗೆಟಿವ್ ಸಂಖ್ಯೆಯಿಂದ ಭಾಗಿಸಿದರೆ ಅಸಮತೆಯ ದಿಕ್ಕು ತಿರುಗುತ್ತದೆ, ಸೊನ್ನೆಯಿಂದ ಭಾಗಿಸುವ ಹಾಗೇ ಇಲ್ಲ. ಆದ್ದರಿಂದ xನ ಇಂಟರ್‌ವಲ್ ಅನ್ನು ಮೂರು ತುಂಡು ಮಾಡಬೇಕು.

ಮೊದಲು q(x) = (x² + 2)/(2x − 1) ಎಂದು ಹೆಸರಿಟ್ಟು ಅದರ ಡೆರಿವೇಟಿವ್ ತೆಗೆಯಿರಿ:

q′(x) = 2(x − 2)(x + 1)/(2x − 1)²

x = ½ ಆದಾಗ ಅಸಮತೆ 9/4 ≥ 0 ಎಂದಾಗುತ್ತದೆ. ಅದು a ಏನೇ ಆದರೂ ಸರಿ. ಈ ತುಂಡಿನಿಂದ ಯಾವ ಷರತ್ತೂ ಇಲ್ಲ.

½ < x ≤ 3 ಆದಾಗ a ≤ q(x) ಎಂಬುದು ಪ್ರತಿ xಗೂ ಬೇಕು. ಅಂದರೆ a ಎಂಬುದು qಯ ಕನಿಷ್ಠಕ್ಕಿಂತ ಹೆಚ್ಚಾಗಬಾರದು. q′ ಎಂಬುದು x = 2ರವರೆಗೆ ನೆಗೆಟಿವ್, ಆಮೇಲೆ ಪಾಸಿಟಿವ್. ಕನಿಷ್ಠ q(2) = 6/3 = 2. ಆದ್ದರಿಂದ a ≤ 2. ತುದಿಯಲ್ಲಿ q(3) = 11/5 = 2.2. ಮೊದಲು ತಪ್ಪು ಉತ್ತರದಲ್ಲಿ ಬಂದ 2.2 ಇದೇ.

0 ≤ x < ½ ಆದಾಗ ದಿಕ್ಕು ತಿರುಗಿ a ≥ q(x) ಆಗುತ್ತದೆ. ಈಗ ಬೇಕಾದ್ದು qಯ ಗರಿಷ್ಠ. ಇಲ್ಲಿ q′ ನೆಗೆಟಿವ್, q ಇಳಿಯುತ್ತಲೇ ಹೋಗುತ್ತದೆ. ಗರಿಷ್ಠ q(0) = −2. ಆದ್ದರಿಂದ a ≥ −2.

ಒಂದೇ a ಮೂರು ತುಂಡುಗಳಲ್ಲೂ ನಿಲ್ಲಬೇಕು: −2 ≤ a ≤ 2. ಅದೇ ಉತ್ತರ ಬಂತು.

x = ½ರ ಬಗ್ಗೆ ಇನ್ನೊಂದು ಮಾತು. a ಏನೇ ಇಟ್ಟರೂ f(½) = 9/4. ಅಂದರೆ ಈ ಎಲ್ಲ ಪ್ಯಾರಬೋಲಾಗಳೂ ಒಂದೇ ಬಿಂದುವಿನ ಮೂಲಕ ಹಾದುಹೋಗುತ್ತವೆ. ಮುಂದೆ ಒಂದು ಕಡೆ ಇದು ಬಹಳ ಉಪಕಾರಕ್ಕೆ ಬರುತ್ತದೆ.

ಎರಡರಲ್ಲಿ ಯಾವ ದಾರಿ ಹಿಡಿಯಬೇಕು?

a ಒಂದೇ ಘಾತದಲ್ಲಿ ಇದ್ದು, ಅದರ ಜೊತೆ ಇರುವ xನ ಪದ ಇಂಟರ್‌ವಲ್ ಪೂರ್ತಿ ಒಂದೇ ಚಿಹ್ನೆಯಲ್ಲಿ ಇದ್ದರೆ, ಕಣ್ಣು ಮುಚ್ಚಿ ಬೇರ್ಪಡಿಸಿ. ಚಿಹ್ನೆ ಬದಲಾದರೆ ಎರಡೂ ಹೆಚ್ಚುಕಡಿಮೆ ಒಂದೇ ಶ್ರಮ. a ಮತ್ತು a² ಎರಡೂ ಇದ್ದರೆ ಬೇರ್ಪಡಿಸುವುದು ಸಾಮಾನ್ಯವಾಗಿ ಕಷ್ಟ. ಆಗ ಸಂದರ್ಭ ಮಾಡುವುದೇ ಒಳ್ಳೆಯದು.

≥ ಬದಲು > ಇದ್ದರೆ ತುದಿಯ aಗಳು ಬಿಟ್ಟುಹೋಗುತ್ತವೆಯೇ?

[0, 3]ರಲ್ಲಿ ಆದರೆ ಹೌದು. a = −2 ಇಟ್ಟರೆ f = x² + 4x, ಅದು x = 0ಯಲ್ಲಿ ಸೊನ್ನೆ. a = 2 ಇಟ್ಟರೆ f = (x − 2)², ಅದು x = 2ರಲ್ಲಿ ಸೊನ್ನೆ. ಸೊನ್ನೆಗಿಂತ ಜಾಸ್ತಿ ಬೇಕು ಎಂದಾಗ ಎರಡೂ ಫೇಲ್. ಉತ್ತರ −2 < a < 2.

ಆದರೆ ಇಂಟರ್‌ವಲ್ (0, 3) ಎಂದು, ತುದಿಗಳಿಲ್ಲದೆ ಕೊಟ್ಟಿದ್ದರೆ? a = −2 ಆದಾಗ x² + 4x ಸೊನ್ನೆಯಾಗುವ x = 0 ಈಗ ಇಂಟರ್‌ವಲ್‌ನಲ್ಲೇ ಇಲ್ಲ. ಒಳಗಿನ ಪ್ರತಿ xಗೂ ಅದು ಸೊನ್ನೆಗಿಂತ ಜಾಸ್ತಿ. ಹಾಗಾಗಿ −2 ಸೇರುತ್ತದೆ. a = 2 ಆದಾಗ ತೊಂದರೆ ಕೊಡುವ x = 2 ಇನ್ನೂ ಒಳಗೇ ಇದೆ, ಆದ್ದರಿಂದ 2 ಸೇರದು. ಉತ್ತರ −2 ≤ a < 2. ಒಂದು ಕಡೆ ಸೇರುತ್ತದೆ, ಇನ್ನೊಂದು ಕಡೆ ಇಲ್ಲ.

ಇದಕ್ಕೆ ಬಾಯಿಪಾಠದ ಸೂತ್ರ ಹುಡುಕಬೇಡಿ. ಗಡಿಯಲ್ಲಿರುವ aಯ ಬೆಲೆಯನ್ನು ಮೂಲ ಅಸಮತೆಗೆ ಹಾಕಿ, ಅಸಮತೆ ಎಲ್ಲಿ ಸಮವಾಗುತ್ತದೆ, ಆ x ಇಂಟರ್‌ವಲ್‌ನ ಒಳಗಿದೆಯೇ ಎಂದು ನೋಡಿ. ಎರಡು ಸಾಲಿನ ಕೆಲಸ ಅಷ್ಟೇ.

ಕನಿಷ್ಠ ಬೆಲೆಯೇ ಇಲ್ಲದಿದ್ದರೆ ಏನು ಮಾಡುವುದು?

ಒಳ್ಳೆಯ ಪ್ರಶ್ನೆ. ತುದಿ ಬಿಟ್ಟ ಇಂಟರ್‌ವಲ್‌ಗಳಲ್ಲಿ ಹೀಗೆ ಆಗಬಹುದು. ಇದಕ್ಕೆ ಬೇರೆ ಲೆಕ್ಕ ಬೇಕು:

e^x ≥ 1 + ax ಎಂಬುದು x ≥ 0 ಆದ ಪ್ರತಿ xಗೂ ಸರಿಯಾಗಬೇಕು. a ಎಷ್ಟು?

x = 0 ಆದಾಗ 1 ≥ 1, ಸರಿ. x > 0 ಆದಾಗ x ಪಾಸಿಟಿವ್, ಧೈರ್ಯವಾಗಿ ಭಾಗಿಸಬಹುದು: a ≤ (e^x − 1)/x. ಬಲಗಡೆಯದನ್ನು q(x) ಎನ್ನೋಣ. ಅದರ ಡೆರಿವೇಟಿವ್‌ನ ಛೇದ x², ಅದು ಪಾಸಿಟಿವ್. ಅಂಶ p(x) = xe^x − e^x + 1. ಇದರ ಚಿಹ್ನೆ ನೇರವಾಗಿ ಕಾಣದು. ಆದ್ದರಿಂದ ಇನ್ನೊಮ್ಮೆ ಡೆರಿವೇಟಿವ್ ತೆಗೆಯಿರಿ: p′(x) = xe^x > 0. p(0) = 0, ಅಲ್ಲಿಂದ p ಏರುತ್ತದೆ, ಆದ್ದರಿಂದ x > 0 ಆದಾಗ p > 0. ಹಾಗಾಗಿ q ಏರುತ್ತಾ ಹೋಗುವ ಫಂಕ್ಷನ್.

ಏರುವ ಫಂಕ್ಷನ್‌ನ ಕನಿಷ್ಠ ಎಡ ತುದಿಯಲ್ಲಿ ಇರಬೇಕು. ಆದರೆ ಎಡ ತುದಿ x = 0, ಅಲ್ಲಿ q ಇಲ್ಲವೇ ಇಲ್ಲ. q(1) ಸುಮಾರು 1.718, q(0.1) ಸುಮಾರು 1.052, q(0.01) ಸುಮಾರು 1.005. ಸೊನ್ನೆಗೆ ಹತ್ತಿರ ಹೋದಂತೆ 1ರ ಹತ್ತಿರ ಬರುತ್ತದೆ, ಆದರೆ 1 ಆಗುವುದಿಲ್ಲ. ಈ ಮಿತಿ ಬೇರೇನೂ ಅಲ್ಲ, x = 0ಯಲ್ಲಿ e^xನ ಡೆರಿವೇಟಿವ್. ಅದು 1.

ಪ್ರತಿ q(x) ಕೂಡ 1ಕ್ಕಿಂತ ದೊಡ್ಡದು. ಆದ್ದರಿಂದ a = 1 ಇಟ್ಟರೂ a ≤ q(x) ಸರಿಯೇ. a ಒಂದಕ್ಕಿಂತ ಸ್ವಲ್ಪ ದೊಡ್ಡದಾದರೂ ಸೊನ್ನೆಯ ಹತ್ತಿರದ ಯಾವುದೋ x ಕೈಕೊಡುತ್ತದೆ. ಉತ್ತರ a ≤ 1. ಗಮನಿಸಿ, ಕನಿಷ್ಠ ಬೆಲೆ ಮುಟ್ಟಲಾಗದ ಗಡಿಯಾದ್ದರಿಂದ, x > 0 ಆದ ಪ್ರತಿ xಗೂ e^x > 1 + ax ಎಂದು ಕೇಳಿದ್ದರೂ 1 ಸೇರಿಯೇ ಇರುತ್ತಿತ್ತು. "≥ ಇದ್ದರೆ ಸೇರಿಸು, > ಇದ್ದರೆ ಬಿಡು" ಎಂಬ ಅಭ್ಯಾಸ ಇಲ್ಲಿ ಮುರಿಯುತ್ತದೆ.

ಭಾಗಿಸದೆ ಮಾಡಬೇಕೆಂದರೂ ಕಷ್ಟ ಇಲ್ಲ. g(x) = e^x − 1 − ax ಎಂದಿಡಿ. g(0) = 0, g′(x) = e^x − a. a ≤ 1 ಆದರೆ x > 0 ಆದಲ್ಲೆಲ್ಲ g′ ಪಾಸಿಟಿವ್, g ಸೊನ್ನೆಯಿಂದ ಮೇಲಕ್ಕೇ ಹೋಗುತ್ತದೆ. a > 1 ಆದರೆ g ಮೊದಲು ಇಳಿದು x = ln aಯಲ್ಲಿ ತಳ ಮುಟ್ಟುತ್ತದೆ. ಸೊನ್ನೆಯಿಂದ ಹೊರಟದ್ದು ಇಳಿದರೆ ನೆಗೆಟಿವ್ ಆಗದೆ ಬೇರೆ ದಾರಿ ಇಲ್ಲ.

ಫಂಕ್ಷನ್ ಏರುತ್ತಿರಬೇಕು, aಯ ಬೆಲೆ ಹೇಳಿ ಎಂದು ಕೇಳುತ್ತಾರೆ. ಅದೂ ಇದೇ ಲೆಕ್ಕವೇ?

ಇದೇ ಲೆಕ್ಕ, ವೇಷ ಬೇರೆ. ಉದಾಹರಣೆಗೆ x³ − ax² + 12x ಎಂಬುದು x > 0 ಆದಲ್ಲೆಲ್ಲ ಏರಬೇಕು. ಡೆರಿವೇಟಿವ್ 3x² − 2ax + 12 ≥ 0 ಎಂಬುದು ಪ್ರತಿ xಗೂ ಬೇಕು. 2x ಪಾಸಿಟಿವ್, ಭಾಗಿಸಿದರೆ a ≤ 1.5x + 6/x. ಬಲಗಡೆಯದು x = 2ರಲ್ಲಿ ಕನಿಷ್ಠ, ಬೆಲೆ 3 + 3 = 6. ಆದ್ದರಿಂದ a ≤ 6. a = 6 ಆದಾಗ ಡೆರಿವೇಟಿವ್ 3(x − 2)². ಅದು ಒಂದೇ ಬಿಂದುವಿನಲ್ಲಿ ಸೊನ್ನೆ, ಫಂಕ್ಷನ್ ಅಲ್ಲಿಯೂ ಏರುವುದನ್ನು ನಿಲ್ಲಿಸುವುದಿಲ್ಲ. ಹಾಗಾಗಿ 6 ಸೇರುತ್ತದೆ.

ಅದೇ ಪ್ರಶ್ನೆಯನ್ನು [3, 5]ಕ್ಕೆ ಕೇಳಿದರೆ x = 2 ಹೊರಗೆ ಹೋಯಿತು. ಅಲ್ಲಿ 1.5x + 6/x ಏರುತ್ತಿದೆ, ಕನಿಷ್ಠ x = 3ರಲ್ಲಿ 6.5. ಉತ್ತರ a ≤ 6.5. ಡೆರಿವೇಟಿವ್ ಸೊನ್ನೆಯಾದ ಜಾಗ ಸಿಕ್ಕಿದ ಖುಷಿಯಲ್ಲಿ, ಅದು ಇಂಟರ್‌ವಲ್‌ನಲ್ಲಿ ಇದೆಯೇ ಎಂದು ನೋಡುವುದನ್ನು ಮರೆಯಬೇಡಿ.

"ಪ್ರತಿ xಗೂ" ಬದಲು "ಯಾವುದಾದರೂ ಒಂದು xಗೆ" ಎಂದಿದ್ದರೆ?

ಆಗ ಕನಿಷ್ಠದ ಜಾಗದಲ್ಲಿ ಗರಿಷ್ಠ ಬರುತ್ತದೆ. f(x) ≥ 0 ಒಂದು ಕಡೆಯಾದರೂ ಆಗಬೇಕಾದರೆ fನ ಗರಿಷ್ಠ ≥ 0 ಆದರೆ ಸಾಕು. ನಮ್ಮ ಮೊದಲ ಲೆಕ್ಕದಲ್ಲಿ ಇದಕ್ಕೆ ಲೆಕ್ಕವೇ ಬೇಡ. f(½) = 9/4 ಎಂದು ಆಗಲೇ ನೋಡಿದ್ದೇವೆ. ½ ಇಂಟರ್‌ವಲ್‌ನ ಒಳಗಿದೆ. ಆದ್ದರಿಂದ a ಏನೇ ಆಗಲಿ, ಒಂದು x ಸಿಕ್ಕೇ ಸಿಗುತ್ತದೆ. ಉತ್ತರ, ಎಲ್ಲ aಗಳೂ.

ಅದೇ ಕಾರಣಕ್ಕೆ "[0, 3]ರ ಪ್ರತಿ xಗೂ f(x) < 0 ಆಗುವ a ಯಾವುದು?" ಎಂದರೆ ಒಂದೂ ಇಲ್ಲ. ಹೀಗೆ aಯ ಗುಣಕ ಸೊನ್ನೆಯಾಗುವ xನ್ನು ಮೊದಲೇ ನೋಡಿಟ್ಟರೆ ಕೆಲವೊಮ್ಮೆ ಒಂದು ಪುಟದ ಕೆಲಸ ಒಂದು ಸಾಲಿಗೆ ಬರುತ್ತದೆ.

GeoGebraದಲ್ಲಿ ನೋಡಿ ಉತ್ತರ ಹೇಳಬಹುದೇ?

ಹೈಸ್ಕೂಲಿನ ಐಟಿ ಲ್ಯಾಬ್‌ನಲ್ಲಿ GeoGebra ಬಳಸಿದ ಮಕ್ಕಳಿಗೆ ಇದು ಗೊತ್ತೇ ಇದೆ. ಹೀಗೆ ಟೈಪ್ ಮಾಡಿ:

```
a = Slider(-4, 4, 0.1)
f(x) = If(0 <= x <= 3, x^2 - 2a x + a + 2)
```

ಸ್ಲೈಡರ್ ಎಳೆದರೆ ಗ್ರಾಫ್ ಯಾವಾಗ x-ಅಕ್ಷದ ಕೆಳಗೆ ಇಳಿಯುತ್ತದೆ ಎಂದು ಕಾಣುತ್ತದೆ. If ಹಾಕುವುದನ್ನು ಬಿಡಬೇಡಿ. ಇಲ್ಲದಿದ್ದರೆ ಇಂಟರ್‌ವಲ್‌ನ ಹೊರಗಿನ ಭಾಗವೂ ಕಂಡು, D ≤ 0 ಮಾಡಿದ ತಪ್ಪನ್ನೇ ಕಣ್ಣೂ ಮಾಡುತ್ತದೆ.

ಅರ್ಥ ಮಾಡಿಕೊಳ್ಳಲು ಇದು ತುಂಬಾ ಒಳ್ಳೆಯದು. ಉತ್ತರಕ್ಕೆ ಇದನ್ನೇ ನಂಬಬೇಡಿ. e^x − 1 − ax ಲೆಕ್ಕದಲ್ಲಿ a = 1.1 ಇಟ್ಟರೆ ಗ್ರಾಫ್‌ನ ತಳ x ಸುಮಾರು 0.095ರಲ್ಲಿ, ಅಲ್ಲಿ ಬೆಲೆ ಸುಮಾರು −0.005. ಸಾಮಾನ್ಯ ಸ್ಕ್ರೀನಿನಲ್ಲಿ ಅದು ಅಕ್ಷಕ್ಕೆ ಅಂಟಿಕೊಂಡ ಹಾಗೆ ಕಾಣುತ್ತದೆ. ನೋಡಿದವರು 1.1 ಕೂಡ ಸರಿ ಎಂದೇ ಹೇಳುತ್ತಾರೆ.

KEAM, JEE ಪರೀಕ್ಷೆಗಳಲ್ಲಿ ಆಯ್ಕೆಗಳನ್ನು ಕೊಟ್ಟಿದ್ದರೆ ಬೇಗ ಹೇಗೆ ಮಾಡುವುದು?

ಆಯ್ಕೆಗಳು ಎಲ್ಲಿ ಬೇರೆಯಾಗುತ್ತವೆ ಎಂದು ನೋಡಿ, ಆ ಜಾಗದ ಒಂದು aಯನ್ನು ಪರೀಕ್ಷಿಸಿ. [−1, 2], [−2, 2.2], [−2, 2] ಎಂಬ ಮೂರು ಇದ್ದರೆ a = −1.5 ಮೊದಲನೆಯದನ್ನು ಹೊರಗೆ ಹಾಕುತ್ತದೆ, a = 2.1 ಎರಡನೆಯದನ್ನು. ಮೇಲೆ ನಾವು ಮಾಡಿದ್ದೂ ಅದನ್ನೇ. ಪ್ಲಸ್ ಟು ಪರೀಕ್ಷೆಯಲ್ಲಿ ಮಾತ್ರ ಇದು ನಡೆಯದು. ಅಲ್ಲಿ ಕನಿಷ್ಠ ಎಲ್ಲಿ, ಯಾಕೆ ಎಂದು ಹಂತ ಹಂತವಾಗಿ ಬರೆಯಲೇಬೇಕು.

a ಯಾವ ಇಂಟರ್‌ವಲ್‌ನಲ್ಲಿದೆ ಎಂದು ಕೊಟ್ಟು xನ್ನು ಕೇಳಿದರೆ?

ಉದಾಹರಣೆಗೆ, [0, 3]ರ ಪ್ರತಿ aಗೂ x² − 2ax + a + 2 ≥ 0 ಆಗುವ x ಯಾವುವು? ಈಗ ಓಡಾಡುವುದು a, ನಿಂತಿರುವುದು x. ಆದ್ದರಿಂದ ಇಡೀ ಪದವನ್ನು aಯ ಫಂಕ್ಷನ್ ಎಂದು ನೋಡಿ: h(a) = x² + 2 − (2x − 1)a. aಯ ದೃಷ್ಟಿಯಲ್ಲಿ ಇದು ಸರಳರೇಖೆ. ಸರಳರೇಖೆಯ ಕನಿಷ್ಠ ತುದಿಯಲ್ಲೇ ಇರುತ್ತದೆ. ಹಾಗಾಗಿ ಇಲ್ಲಿ ಎರಡು ತುದಿ ನೋಡಿದರೆ ಸಾಕು.

h(0) = x² + 2, ಅದು ಯಾವಾಗಲೂ ಪಾಸಿಟಿವ್. h(3) = x² − 6x + 5 = (x − 1)(x − 5) ≥ 0, ಅಂದರೆ x ≤ 1 ಅಥವಾ x ≥ 5. ಉತ್ತರ ಅದೇ. xನ್ನು ಹಿಡಿದು ಪ್ಯಾರಬೋಲಾದ ಹಿಂದೆ ಹೋಗಿದ್ದರೆ ಮೂರು ಸಂದರ್ಭ ಮಾಡಿ ಸುಸ್ತಾಗಬೇಕಿತ್ತು.